ಮಾರ್ಚ್ 15ರ ಒಂದೇ ಕಂತು: ಸಣ್ಣ ವ್ಯಾಪಾರಿಯ ಮುಂಗಡ ತೆರಿಗೆ ಮತ್ತು ಅದಕ್ಕೆ ದುಡ್ಡು ಹೊಂದಿಸುವ ಲೆಕ್ಕ

(ಫೆಬ್ರವರಿ 2026ರಲ್ಲಿ ಅಂಗಡಿ ವ್ಯಾಪಾರಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಇಲ್ಲಿನ ದರಗಳೆಲ್ಲ ಏಪ್ರಿಲ್ 2025ರಿಂದ ಮಾರ್ಚ್ 2026ರವರೆಗಿನ ವರ್ಷದ್ದು.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ತಾರೀಖಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಮಾರ್ಚ್ 15. ನಿಮ್ಮಲ್ಲಿ ಬಹಳ ಜನ 44ಎಡಿ ಅಡಿ ರಿಟರ್ನ್ ಹಾಕುವವರು. ನಿಮಗೆ ಮುಂಗಡ ತೆರಿಗೆ ಬರುವುದಾದರೆ ಅದನ್ನು ಅಷ್ಟೂ ಕಟ್ಟಿ ಮುಗಿಸಬೇಕಾದ ದಿನ ಅದು. ಬೇರೆಯವರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಅಂತ ನಾಲ್ಕು ಕಂತು. ನಿಮಗೆ ಒಂದೇ.

ಒಂದೇ ಕಂತು ಅಂದರೆ ಅನುಕೂಲ ಅಂತಲೇ ಅನಿಸುತ್ತದೆ. ತೊಂದರೆ ಏನೆಂದರೆ, ಹನ್ನೊಂದು ತಿಂಗಳು ಯಾರೂ ಕೇಳುವುದಿಲ್ಲ. ಆಮೇಲೆ ಇಡೀ ವರ್ಷದ್ದು ಒಟ್ಟಿಗೆ ಬಂದು ಕೂರುತ್ತದೆ, ಅದೂ ಮಾರ್ಚ್‌ನಲ್ಲಿ. ಮಾರ್ಚ್ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಸಿಮೆಂಟ್, ಪೇಂಟ್ ಕಂಪನಿಯವರು ಟಾರ್ಗೆಟ್ ಮುಗಿಸಿ ಅಂತ ಮಾಲು ಇಳಿಸಲು ಬರುತ್ತಾರೆ. ಬ್ಯಾಂಕಿನವರು ಸಿಸಿ ಅಕೌಂಟ್ ಬಾಕಿ ಇಳಿಸಿ ಅಂತ ಫೋನ್ ಮಾಡುತ್ತಾರೆ. ಈ ವರ್ಷ ಯುಗಾದಿಯೂ ಮಾರ್ಚ್ 19ಕ್ಕೇ ಇದೆ. ಲಾಭ ಪುಸ್ತಕದಲ್ಲಿ ಕಾಣುತ್ತದೆ, ದುಡ್ಡು ಮಾತ್ರ ಗೋದಾಮಿನಲ್ಲೂ ಉದ್ರಿಯಲ್ಲೂ ಕೂತಿರುತ್ತದೆ.

ಹಾಗಾಗಿ ಎರಡು ಲೆಕ್ಕ ಮಾಡೋಣ. ತೆರಿಗೆ ಎಷ್ಟು ಬರುತ್ತದೆ ಅನ್ನುವುದು ಒಂದು. ಆ ದುಡ್ಡು ಮಾರ್ಚ್ ಹೊತ್ತಿಗೆ ಕೈಯಲ್ಲಿ ಇರುವ ಹಾಗೆ ಏನು ಮಾಡಬೇಕು ಅನ್ನುವುದು ಇನ್ನೊಂದು.

ಮೊದಲು 44ಎಡಿ ಏನು ಅಂತ ಚುಟುಕಾಗಿ ಹೇಳುತ್ತೇನೆ. ಇದನ್ನು ಪ್ರಿಸಂಪ್ಟಿವ್ ಸ್ಕೀಮ್ ಅನ್ನುತ್ತಾರೆ, ಅಂದರೆ ಅಂದಾಜು ಲಾಭದ ಮೇಲಿನ ತೆರಿಗೆ. ಇಲ್ಲಿ ಖರ್ಚು, ಬಾಡಿಗೆ, ಸಂಬಳ, ಸವಕಳಿ ಯಾವುದನ್ನೂ ತೋರಿಸಬೇಕಿಲ್ಲ. ನಿಮ್ಮ ವಹಿವಾಟಿನಲ್ಲಿ ನಗದಾಗಿ ಬಂದದ್ದರ ಮೇಲೆ 8%, ಬ್ಯಾಂಕ್ ಮೂಲಕ ಬಂದದ್ದರ ಮೇಲೆ 6% ಲಾಭ ಅಂತ ಕಾನೂನೇ ಹಿಡಿದುಕೊಳ್ಳುತ್ತದೆ. ಬ್ಯಾಂಕ್ ಮೂಲಕ ಅಂದರೆ ಯುಪಿಐ, ಕಾರ್ಡ್, ನೆಫ್ಟ್, ಅಕೌಂಟ್ ಪೇಯೀ ಚೆಕ್. ಬೇರರ್ ಚೆಕ್ ಇದರಲ್ಲಿ ಸೇರುವುದಿಲ್ಲ, ಅದನ್ನು ನಗದಿನ ಹಾಗೇ ನೋಡುತ್ತಾರೆ. ವಹಿವಾಟು 2 ಕೋಟಿ ದಾಟಬಾರದು. ನಗದು ಇಡೀ ವಹಿವಾಟಿನ 5% ಒಳಗೇ ಇದ್ದರೆ 3 ಕೋಟಿವರೆಗೂ ನಡೆಯುತ್ತದೆ. ಕಮಿಷನ್ ವ್ಯಾಪಾರ, ದಲ್ಲಾಳಿ, ಏಜೆನ್ಸಿ ಮಾಡುವವರಿಗೆ ಈ ಸ್ಕೀಮ್ ಇಲ್ಲ. ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟವರು ಇದನ್ನು ಗಮನಿಸಬೇಕು.

ಒಂದು ಮಾತು ಸ್ಪಷ್ಟವಾಗಿರಲಿ. 6%, 8% ಅನ್ನುವುದು ಕನಿಷ್ಠ. ಅಷ್ಟು ತೋರಿಸಿದರೆ ಸಾಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಿಜವಾಗಿ ನಿಮಗೆ 11% ಉಳಿದಿದ್ದರೆ 11% ತೋರಿಸಬೇಕು. 6% ತೋರಿಸಿ, ಅದೇ ವರ್ಷ ಸೈಟು ಖರೀದಿ ಮಾಡಿದರೆ ಆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದಾಗ ಉತ್ತರ ಇರುವುದಿಲ್ಲ.

ಈಗ ಒಬ್ಬ ವ್ಯಾಪಾರಿಯ ಲೆಕ್ಕ ಹಾಕೋಣ. ಹೆಸರು ರುದ್ರಣ್ಣ ಅಂತ ಇಟ್ಟುಕೊಳ್ಳಿ, ಬರೀ ಉದಾಹರಣೆಗೆ. ರಾಣೆಬೆನ್ನೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಒಬ್ಬರದೇ ಹೆಸರಿನ ವ್ಯಾಪಾರ, ಪಾಲುದಾರರಿಲ್ಲ. ಜನವರಿ ಕೊನೆಯವರೆಗೆ ಜಿಎಸ್‌ಟಿ ಬಿಟ್ಟು 1 ಕೋಟಿ 48 ಲಕ್ಷ ವ್ಯಾಪಾರ ಆಗಿದೆ. ಫೆಬ್ರವರಿಯಲ್ಲಿ 15 ಲಕ್ಷ, ಮಾರ್ಚ್‌ನಲ್ಲಿ 17 ಲಕ್ಷ ಆಗಬಹುದು ಅಂತ ಅವರ ಅಂದಾಜು. ಒಟ್ಟು 1 ಕೋಟಿ 80 ಲಕ್ಷ. ಇದರಲ್ಲಿ 70 ಲಕ್ಷ ನಗದು, 1 ಕೋಟಿ 10 ಲಕ್ಷ ಯುಪಿಐ ಮತ್ತು ಬ್ಯಾಂಕ್.

ನಗದು 70 ಲಕ್ಷಕ್ಕೆ 8% ಅಂದರೆ 5 ಲಕ್ಷ 60 ಸಾವಿರ. ಬ್ಯಾಂಕಿನ 1 ಕೋಟಿ 10 ಲಕ್ಷಕ್ಕೆ 6% ಅಂದರೆ 6 ಲಕ್ಷ 60 ಸಾವಿರ. ಕೂಡಿದರೆ 12 ಲಕ್ಷ 20 ಸಾವಿರ. ಇದು ಅಂಗಡಿಯ ಆದಾಯ.

ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದವರೆಗೆ ರಿಬೇಟ್ ಇದೆ, ತೆರಿಗೆ ಸೊನ್ನೆ. ರುದ್ರಣ್ಣನದು 20 ಸಾವಿರ ಜಾಸ್ತಿ ಆಯಿತು. ಹೀಗೆ ಸ್ವಲ್ಪ ದಾಟಿದವರಿಗೆ ಒಂದು ರಿಯಾಯಿತಿ ಇದೆ. 12 ಲಕ್ಷದ ಮೇಲೆ ಎಷ್ಟು ಜಾಸ್ತಿ ಆಗಿದೆಯೋ ಅದಕ್ಕಿಂತ ಹೆಚ್ಚು ತೆರಿಗೆ ಹಾಕುವುದಿಲ್ಲ. ಹಾಗಾಗಿ ಅಂಗಡಿಯ ಆದಾಯ ಮಾತ್ರ ಇದ್ದಿದ್ದರೆ ತೆರಿಗೆ 20 ಸಾವಿರ, ಅದರ ಮೇಲೆ 4% ಸೆಸ್ 800, ಒಟ್ಟು 20,800 ರೂಪಾಯಿ. ರುದ್ರಣ್ಣ ಮನಸ್ಸಿನಲ್ಲಿ ಇಟ್ಟುಕೊಂಡಿರುವುದೂ ಇದೇ ಮೊತ್ತ.

ಆದರೆ ಅವರಿಗೆ ಅಂಗಡಿ ಒಂದೇ ಅಲ್ಲ. ಮನೆಯ ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದಾರೆ, ತಿಂಗಳಿಗೆ 15 ಸಾವಿರ. ವರ್ಷಕ್ಕೆ 1 ಲಕ್ಷ 80 ಸಾವಿರ. ಅದರಲ್ಲಿ 30% ರಿಪೇರಿ ಇತ್ಯಾದಿಗೆ ಅಂತ ಬಿಡುತ್ತಾರೆ, ಉಳಿದದ್ದು 1 ಲಕ್ಷ 26 ಸಾವಿರ. ಆಸ್ತಿ ತೆರಿಗೆ ಕಟ್ಟಿದ್ದರೆ ಅದನ್ನೂ ಕಳೆಯಬಹುದು, ಲೆಕ್ಕ ಸುಲಭ ಇರಲಿ ಅಂತ ಇಲ್ಲಿ ಬಿಟ್ಟಿದ್ದೇನೆ. ಬ್ಯಾಂಕಿನ ಎಫ್‌ಡಿ ಬಡ್ಡಿ 34 ಸಾವಿರ. ಬಡ್ಡಿ ವರ್ಷಕ್ಕೆ 50 ಸಾವಿರ ದಾಟದ ಕಾರಣ ಬ್ಯಾಂಕಿನವರು ಟಿಡಿಎಸ್ ಕೂಡ ಹಿಡಿದಿಲ್ಲ. ಈ ಎರಡೂ ಸೇರಿ 1 ಲಕ್ಷ 60 ಸಾವಿರ. ಒಟ್ಟು ಆದಾಯ ಈಗ 13 ಲಕ್ಷ 80 ಸಾವಿರ.

ಇಲ್ಲಿ ಆ ರಿಯಾಯಿತಿ ಉಪಯೋಗಕ್ಕೆ ಬರುವುದಿಲ್ಲ, 12 ಲಕ್ಷದಿಂದ ತುಂಬಾ ದೂರ ಬಂದಾಯಿತು. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ 4 ಲಕ್ಷಕ್ಕೆ 5% ಅಂದರೆ 20 ಸಾವಿರ. ಅದರ ಮುಂದಿನ 4 ಲಕ್ಷಕ್ಕೆ 10%, 40 ಸಾವಿರ. ಉಳಿದ 1 ಲಕ್ಷ 80 ಸಾವಿರಕ್ಕೆ 15%, 27 ಸಾವಿರ. ಒಟ್ಟು 87 ಸಾವಿರ. ಸೆಸ್ 3,480. ಕಟ್ಟಬೇಕಾದದ್ದು 90,480 ರೂಪಾಯಿ.

ಇದನ್ನು ಸ್ವಲ್ಪ ನಿಂತು ನೋಡಿ. 20,800 ಅಂದುಕೊಂಡಿದ್ದು 90,480 ಆಯಿತು. ವ್ಯಾಪಾರ ಒಂದು ರೂಪಾಯಿಯೂ ಬದಲಾಗಿಲ್ಲ. ಮನೆ ಬಾಡಿಗೆ ಮತ್ತು ಎಫ್‌ಡಿ ಬಡ್ಡಿ ಸೇರಿಸಿದ್ದಕ್ಕೆ 69,680 ರೂಪಾಯಿ ಏರಿತು. 12 ಲಕ್ಷದ ಆಚೆ ಈಚೆ ಇರುವ ವ್ಯಾಪಾರಿಗಳು ಎಡವುವುದು ಇಲ್ಲೇ. 12 ಲಕ್ಷಕ್ಕೆ ತೆರಿಗೆ ಇಲ್ಲ ಅನ್ನುವುದನ್ನು ಅಂಗಡಿಯ ಆದಾಯಕ್ಕೆ ಮಾತ್ರ ಹೋಲಿಸಿ ನೋಡುತ್ತಾರೆ. ಕಾನೂನು ನೋಡುವುದು ಒಟ್ಟು ಆದಾಯವನ್ನು. ಬಾಡಿಗೆ, ಬಡ್ಡಿ, ಹೆಸರಿನಲ್ಲಿರುವ ಷೇರು ಮಾರಿದ ಲಾಭ, ಕಂಪನಿಯವರು ಕೊಡುವ ಟೂರು, ಚಿನ್ನದ ನಾಣ್ಯ ಎಲ್ಲವನ್ನೂ ಕೂಡಿ ನೋಡಬೇಕು. ಟೂರು ಮತ್ತು ಗಿಫ್ಟ್ ಒಂದು ಕಂಪನಿಯಿಂದ ವರ್ಷಕ್ಕೆ 20 ಸಾವಿರ ದಾಟಿದರೆ ಕಂಪನಿ ಅದರ ಮೇಲೆ 10% ಟಿಡಿಎಸ್ ಹಿಡಿಯಬೇಕು, ಅದು ನಿಮ್ಮ 26ಎಎಸ್‌ನಲ್ಲಿ ಕಾಣುತ್ತದೆ. ಟಿಡಿಎಸ್ ಆಗಿದ್ದರೆ ಅಷ್ಟನ್ನು ಕಟ್ಟುವ ತೆರಿಗೆಯಿಂದ ಕಳೆಯಿರಿ. ಆದರೆ ಆ ಟೂರಿನ ಬೆಲೆ ಆದಾಯಕ್ಕೂ ಸೇರಬೇಕು. ಅದನ್ನು ಮರೆಯುವವರೇ ಜಾಸ್ತಿ.

ಹಾಗಾದರೆ ಯಾರು ಮುಂಗಡ ತೆರಿಗೆ ಕಟ್ಟಬೇಕಿಲ್ಲ? ಟಿಡಿಎಸ್ ಕಳೆದ ಮೇಲೆ ವರ್ಷದ ತೆರಿಗೆ 10 ಸಾವಿರಕ್ಕಿಂತ ಕಡಿಮೆ ಇರುವವರು. ಅವರು ರಿಟರ್ನ್ ಹಾಕುವಾಗ ಕಟ್ಟಿದರೆ ಸಾಕು. ಒಟ್ಟು ಆದಾಯ 12 ಲಕ್ಷದ ಒಳಗಿದ್ದು ಹೊಸ ಪದ್ಧತಿಯಲ್ಲಿರುವವರಿಗೆ ಸಾಮಾನ್ಯವಾಗಿ ಏನೂ ಬರುವುದಿಲ್ಲ. ಷೇರು ಮಾರಾಟದ ಲಾಭದಂಥ ವಿಶೇಷ ದರದ ಆದಾಯಕ್ಕೆ ಮಾತ್ರ ಈ ರಿಬೇಟ್ ಅನ್ವಯಿಸದು. ಅರವತ್ತು ದಾಟಿದವರಿಗೆ ಮುಂಗಡ ತೆರಿಗೆ ಇಲ್ಲ ಅಂತ ಒಂದು ಮಾತು ಓಡಾಡುತ್ತಿದೆ. ಅದು ವ್ಯಾಪಾರದ ಆದಾಯ ಇಲ್ಲದ ಹಿರಿಯರಿಗೆ. ಅಂಗಡಿ ನಿಮ್ಮ ಹೆಸರಿನಲ್ಲಿದ್ದರೆ ವಯಸ್ಸು ಎಷ್ಟಾದರೂ ಕಟ್ಟಬೇಕು.

ನಗದು ಮತ್ತು ಯುಪಿಐ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡ್ ಹಾಕಿದರು. ಆ ನೋಟಿಸ್ ಇದ್ದದ್ದು ಜಿಎಸ್‌ಟಿ ನೋಂದಣಿಗೆ ಸಂಬಂಧಿಸಿ. ನೀವು ಈಗಾಗಲೇ ಜಿಎಸ್‌ಟಿಯಲ್ಲಿದ್ದು ವ್ಯಾಪಾರವೆಲ್ಲ ತೋರಿಸುತ್ತಿದ್ದರೆ ಕ್ಯೂಆರ್ ತೆಗೆಯುವುದರಿಂದ ನಷ್ಟವೇ. ರುದ್ರಣ್ಣನ 70 ಲಕ್ಷ ನಗದಿನಲ್ಲಿ 30 ಲಕ್ಷ ಯುಪಿಐಗೆ ಹೋಯಿತು ಅಂತ ಇಟ್ಟುಕೊಳ್ಳಿ. ಆ 30 ಲಕ್ಷಕ್ಕೆ 8% ಬದಲು 6% ಆಗುತ್ತದೆ, ಆದಾಯ 60 ಸಾವಿರ ಇಳಿಯುತ್ತದೆ. 15% ಮತ್ತು ಸೆಸ್ ಲೆಕ್ಕದಲ್ಲಿ 9,360 ರೂಪಾಯಿ ತೆರಿಗೆ ಉಳಿಯುತ್ತದೆ.

ಉದ್ರಿಗೂ ಇದೇ ನಿಯಮ ಬಡಿಯುತ್ತದೆ. ಮಾರಾಟದ ಲೆಕ್ಕ ಬರೆಯುವವರಿಗೆ ಉದ್ರಿ ಕೊಟ್ಟ ಮಾಲೂ ಈ ವರ್ಷದ ವಹಿವಾಟೇ, ದುಡ್ಡು ಬರದಿದ್ದರೂ. ಆ ಬಾಕಿ ರಿಟರ್ನ್ ಹಾಕುವ ಕೊನೆಯ ದಿನದೊಳಗೆ ಬ್ಯಾಂಕ್ ಮೂಲಕ ಬಂದರೆ 6%. ಆಮೇಲೆ ಬಂದರೆ, ಅಥವಾ ನಗದಾಗಿ ಬಂದರೆ, 8%. ಮಾರ್ಚ್ ಕೊನೆಗೆ 22 ಲಕ್ಷ ಉದ್ರಿ ನಿಂತಿದ್ದರೆ ಆ 2% ವ್ಯತ್ಯಾಸ ಅಂದರೆ 44 ಸಾವಿರ ಆದಾಯ, ರುದ್ರಣ್ಣನ ಮಟ್ಟದಲ್ಲಿ 6,864 ರೂಪಾಯಿ ತೆರಿಗೆ. ಹಾಗಾಗಿ ಕಂಟ್ರಾಕ್ಟರ್ ಹತ್ತಿರ ಬಾಕಿ ಕೇಳುವಾಗ ಅಕೌಂಟಿಗೇ ಹಾಕಿ ಅಂತ ಹೇಳಿ. ಮಾರ್ಚ್‌ನಲ್ಲಿ ಅಂದಾಜು ಹಾಕುವಾಗ ಮಾತ್ರ, ಯಾವಾಗ ಬರುತ್ತದೋ ಗೊತ್ತಿಲ್ಲದ ಉದ್ರಿಯನ್ನು 8% ಅಂತಲೇ ಹಿಡಿಯಿರಿ.

ಇದಕ್ಕೆಲ್ಲ ನಗದು ಎಷ್ಟು, ಬ್ಯಾಂಕ್ ಎಷ್ಟು ಅಂತ ಬೇರೆ ಬೇರೆ ಗೊತ್ತಿರಬೇಕು. 44ಎಡಿಯಲ್ಲಿ ಪುಸ್ತಕ ಇಡಬೇಕಿಲ್ಲ ಅಂತ ಹೇಳಿ ಏನೂ ಬರೆಯದೆ ಇರುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ರಾತ್ರಿ ಅಂಗಡಿ ಮುಚ್ಚುವಾಗ ಗಲ್ಲಾದ ನಗದು ಎಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದರೆ ಸಾಕು. ಬ್ಯಾಂಕಿನದು ಸ್ಟೇಟ್‌ಮೆಂಟ್‌ನಲ್ಲಿ ಇರುತ್ತದೆ. ಅಂಗಡಿಯ ಅಕೌಂಟಿಗೆ ಚೀಟಿ ದುಡ್ಡು, ತಮ್ಮ ಕಳಿಸಿದ ಸಾಲ, ಹೊಲದ ಬೆಳೆಯ ದುಡ್ಡು ಬೀಳದ ಹಾಗೆ ನೋಡಿಕೊಳ್ಳಿ. ವರ್ಷದ ಕೊನೆಗೆ ಯಾವುದು ವ್ಯಾಪಾರದ್ದು, ಯಾವುದು ಅಲ್ಲ ಅಂತ ಹೆಕ್ಕುವುದು ಬಹಳ ಕಷ್ಟ.

ಈಗ ದುಡ್ಡು ಹೊಂದಿಸುವ ಮಾತು. ನನಗೆ ಇವತ್ತು ಮುಖ್ಯವಾಗಿ ಹೇಳಬೇಕಾದದ್ದು ಇದೇ.

ತೆರಿಗೆಯನ್ನು ಲಾಭದಿಂದ ಎತ್ತಿಡುತ್ತೇನೆ ಅಂದರೆ ಆಗುವುದಿಲ್ಲ. ಲಾಭ ಎಷ್ಟು ಅಂತ ತಿಂಗಳು ತಿಂಗಳು ನಿಮಗೆ ಗೊತ್ತಾಗುವುದಿಲ್ಲ. ವ್ಯಾಪಾರ ಎಷ್ಟಾಯಿತು ಅಂತ ಗೊತ್ತಾಗುತ್ತದೆ. 44ಎಡಿಯಲ್ಲಿ ತೆರಿಗೆ ನಿಂತಿರುವುದೂ ವ್ಯಾಪಾರದ ಮೇಲೆಯೇ. ಹಾಗಾಗಿ ಒಂದು ಲಕ್ಷ ವ್ಯಾಪಾರಕ್ಕೆ ಇಷ್ಟು ಅಂತ ದರ ಕಟ್ಟಿಕೊಳ್ಳಿ.

ರುದ್ರಣ್ಣನ 90,480 ರೂಪಾಯಿಯನ್ನು 180 ಲಕ್ಷಕ್ಕೆ ಹಂಚಿದರೆ ಲಕ್ಷಕ್ಕೆ ಸುಮಾರು 500 ರೂಪಾಯಿ. ಆದರೆ ಇದರಲ್ಲಿ ಒಂದು ತಪ್ಪು ಅಡಗಿದೆ. ತೆರಿಗೆ ಕಟ್ಟಬೇಕಾದದ್ದು ಮಾರ್ಚ್ 15ಕ್ಕೆ. ಮಾರ್ಚ್‌ನ 17 ಲಕ್ಷ ವ್ಯಾಪಾರದ ದುಡ್ಡು ಆಗ ಇನ್ನೂ ಪೂರ್ತಿ ಬಂದಿರುವುದಿಲ್ಲ. ಫೆಬ್ರವರಿ ಕೊನೆಯವರೆಗಿನ 163 ಲಕ್ಷದಿಂದಲೇ ಇಡೀ ವರ್ಷದ ತೆರಿಗೆ ಹೊರಡಬೇಕು. ಹಾಗೆ ಹಂಚಿದರೆ ಲಕ್ಷಕ್ಕೆ 555. ನಾನಾದರೆ 600 ಅಂತ ಇಟ್ಟುಕೊಳ್ಳಿ ಅನ್ನುತ್ತೇನೆ. ಫೆಬ್ರವರಿ ಕೊನೆಗೆ 97,800 ಸೇರಿರುತ್ತದೆ, ಅಂದರೆ ಬೇಕಾದದ್ದಕ್ಕಿಂತ 7,320 ಜಾಸ್ತಿ.

ಆ ಜಾಸ್ತಿ ಸುಮ್ನೆ ಅಲ್ಲ. ಸರಾಸರಿ ಲಕ್ಷಕ್ಕೆ 500 ಬಿದ್ದರೂ ಕೊನೆಯಲ್ಲಿ ಸೇರುವ ಲಕ್ಷಕ್ಕೆ ಬೀಳುವ ತೆರಿಗೆ ಬೇರೆ. ರುದ್ರಣ್ಣ 15% ಹಂತಕ್ಕೆ ಬಂದಾಗಿದೆ. ಇನ್ನು ಮುಂದೆ ಆಗುವ ಒಂದು ಲಕ್ಷ ವ್ಯಾಪಾರ ಬ್ಯಾಂಕ್ ಮೂಲಕ ಬಂದರೆ 936 ರೂಪಾಯಿ ತೆರಿಗೆ, ನಗದಾಗಿ ಬಂದರೆ 1,248. ಮಾರ್ಚ್‌ನಲ್ಲಿ ಯಾವುದೋ ಕಟ್ಟಡದ ದೊಡ್ಡ ಆರ್ಡರ್ ಬಂದು 5 ಲಕ್ಷ ವ್ಯಾಪಾರ ಹೆಚ್ಚಾದರೆ ಆ 7,320 ಅದಕ್ಕೆ ಸರಿಹೋಗುತ್ತದೆ.

ನಿಮ್ಮ ದರ ಕಟ್ಟುವುದು ಹೇಗೆ? ಹೋದ ವರ್ಷ ಬಂದ ಒಟ್ಟು ತೆರಿಗೆಯನ್ನು ಹೋದ ವರ್ಷ ಏಪ್ರಿಲ್‌ನಿಂದ ಫೆಬ್ರವರಿವರೆಗೆ ಆದ ವ್ಯಾಪಾರದ ಲಕ್ಷಗಳಿಂದ ಭಾಗಿಸಿ. ಆ ದರದಲ್ಲಿ ಶುರು ಮಾಡಿ. ದೀಪಾವಳಿ ವ್ಯಾಪಾರ ಮುಗಿದ ಮೇಲೆ ಒಮ್ಮೆ ಕೂತು ಈ ವರ್ಷ ಎಷ್ಟಾಗಬಹುದು ಅಂತ ನೋಡಿ ದರ ಬದಲಿಸಿ. ತಿಂಗಳ ಜಿಎಸ್‌ಟಿ ಲೆಕ್ಕ ಮಾಡುವ ದಿನವೇ ಎತ್ತಿಡಿ, ಯಾಕೆಂದರೆ ಆವತ್ತು ವ್ಯಾಪಾರದ ಅಂಕಿ ನಿಮ್ಮ ಕಣ್ಣೆದುರೇ ಇರುತ್ತದೆ. 15 ಲಕ್ಷ ಆದ ತಿಂಗಳು 9,000. ಮಳೆಗಾಲದಲ್ಲಿ 8 ಲಕ್ಷಕ್ಕೆ ಇಳಿದರೆ 4,800. ವ್ಯಾಪಾರ ಕುಗ್ಗಿದಾಗ ಎತ್ತಿಡುವುದೂ ತಾನಾಗಿ ಕುಗ್ಗುತ್ತದೆ. ತಿಂಗಳಿಗೆ ಇಷ್ಟೇ ಅಂತ ಒಂದೇ ಮೊತ್ತ ಇಟ್ಟವರು ಆಗಸ್ಟ್‌ನಲ್ಲಿ ಒಮ್ಮೆ ತಪ್ಪಿಸುತ್ತಾರೆ, ಆಮೇಲೆ ನಿಲ್ಲಿಸಿಯೇ ಬಿಡುತ್ತಾರೆ.

ಎಲ್ಲಿ ಇಡಬೇಕು? ಸಿಸಿ ಅಕೌಂಟ್ ಇರುವವರು, ಅಲ್ಲೇ ಬಿಟ್ಟರೆ ಬಡ್ಡಿ ಕಡಿಮೆ ಆಗುತ್ತದಲ್ಲ, ಬೇರೆ ಯಾಕೆ ಇಡಬೇಕು ಅಂತ ಕೇಳುತ್ತಾರೆ. ಲೆಕ್ಕದಲ್ಲಿ ಅವರು ಹೇಳುವುದು ಸರಿ. ಸಿಸಿಗೆ ಕೊಡುವ ಬಡ್ಡಿಗೂ ಬೇರೆ ಕಡೆ ಇಟ್ಟರೆ ಸಿಗುವ ಬಡ್ಡಿಗೂ 4% ವ್ಯತ್ಯಾಸ ಅಂತ ಹಿಡಿಯಿರಿ. ದುಡ್ಡು ತಿಂಗಳು ತಿಂಗಳು ಸೇರುತ್ತ ಹೋಗುವುದರಿಂದ ವರ್ಷದ ಸರಾಸರಿ 45 ಸಾವಿರದ ಹತ್ತಿರ. ಹನ್ನೊಂದು ತಿಂಗಳಿಗೆ 4% ಅಂದರೆ ಸುಮಾರು 1,650 ರೂಪಾಯಿ. ಇಡೀ ವರ್ಷಕ್ಕೆ ಇಷ್ಟೇ ಉಳಿತಾಯ. ಆದರೆ ಸಿಸಿಯಲ್ಲಿ ಬಿಟ್ಟ ದುಡ್ಡು ಮಾಲಿಗೆ ಹೋಗದೆ ಉಳಿಯುವುದನ್ನು ನಾನು ಕಂಡದ್ದು ಕಡಿಮೆ. ಕಬ್ಬಿಣದ ರೇಟು ಇಳಿಯಿತು ಅಂದ ಕೂಡಲೇ ಲೋಡು ಬರುತ್ತದೆ, ಮಿತಿ ತುಂಬಿಬಿಡುತ್ತದೆ. ಹಾಗಾಗಿ ಅಂಗಡಿಯ ಕ್ಯೂಆರ್‌ಗೆ, ಚೆಕ್‌ಬುಕ್ಕಿಗೆ ಸಂಬಂಧ ಇಲ್ಲದ ಬೇರೆ ಉಳಿತಾಯ ಖಾತೆಯಲ್ಲಿ ಇಡಿ ಅಂತಲೇ ನನ್ನ ಸಲಹೆ. ಎಫ್‌ಡಿ ಮಾಡಿದರೆ ಮಾರ್ಚ್ ಮೊದಲ ವಾರಕ್ಕೆ ಮುಗಿಯುವ ಹಾಗೆ ಮಾಡಿ.

ಈ ವರ್ಷ ಎತ್ತಿಟ್ಟಿಲ್ಲ, ಇನ್ನು ಕೆಲವೇ ವಾರ ಉಳಿದಿದೆ ಅನ್ನುವವರು ಇವತ್ತೇ ಎರಡು ಕೆಲಸ ಮಾಡಬಹುದು. ಉದ್ರಿ ಪಟ್ಟಿಯಲ್ಲಿ ಮೇಲಿನ ನಾಲ್ಕೈದು ದೊಡ್ಡ ಹೆಸರುಗಳನ್ನು ಹಿಡಿದು ಮಾರ್ಚ್ 10ರೊಳಗೆ ಅಕೌಂಟಿಗೆ ಹಾಕಿಸಿಕೊಳ್ಳಿ. ಮತ್ತೆ ಟಾರ್ಗೆಟ್ ಮಾಲಿನ ಆರ್ಡರ್ ಕೊಡುವ ಮೊದಲು ತೆರಿಗೆ ದುಡ್ಡು ಬದಿಗೆ ಬಂದಿದೆಯಾ ಅಂತ ನೋಡಿ. ಟಾರ್ಗೆಟ್ ಇನ್ಸೆಂಟಿವ್ ಎಷ್ಟು ಸಿಗುತ್ತದೆ, ಆ ಮಾಲು ಮಾರಿ ಹೋಗಲು ಎಷ್ಟು ತಿಂಗಳು ಬೇಕು ಅಂತ ಒಂದು ಚೀಟಿಯಲ್ಲಿ ಬರೆದು ನೋಡಿದರೆ ಎಷ್ಟೋ ಸಲ ಆ ಲೋಡು ಬೇಡವೇ ಅನಿಸುತ್ತದೆ.

ಕಟ್ಟುವ ಕ್ರಮ ಕಷ್ಟದ್ದಲ್ಲ. incometax.gov.in ತೆರೆದು `e-Pay Tax` ಒತ್ತಿ. ಪ್ಯಾನ್ ಮತ್ತು ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ, ಲಾಗಿನ್ ಬೇಕಿಲ್ಲ. `Income Tax` ಆರಿಸಿ. ಅಸೆಸ್‌ಮೆಂಟ್ ಇಯರ್ ಕೇಳುವ ಕಡೆ `2026-27` ಹಾಕಬೇಕು. ಜಾಸ್ತಿ ತಪ್ಪುವುದು ಇಲ್ಲಿಯೇ. ಈಗ ನಡೆಯುತ್ತಿರುವುದು 2025-26 ಅಂತ ಅದನ್ನೇ ಒತ್ತಿಬಿಡುತ್ತಾರೆ, ದುಡ್ಡು ಹಳೆಯ ವರ್ಷಕ್ಕೆ ಹೋಗಿ ಕೂರುತ್ತದೆ. ಸರಿಪಡಿಸಲು ಅವಕಾಶ ಇದೆ, ಆದರೆ ಕೆಲವೇ ದಿನ. ಪಾವತಿಯ ಬಗೆ ಕೇಳಿದಾಗ `Advance Tax (100)`. ಆಮೇಲೆ ನೆಟ್ ಬ್ಯಾಂಕಿಂಗ್, ಡೆಬಿಟ್ ಕಾರ್ಡ್, ಯುಪಿಐ, ಅಥವಾ ಚಲನ್ ಪ್ರಿಂಟ್ ತೆಗೆದು ಬ್ಯಾಂಕ್ ಕೌಂಟರ್. ಈ ವರ್ಷ ಮಾರ್ಚ್ 15 ಭಾನುವಾರ ಬಂದಿದೆ. ಕೌಂಟರಿನಲ್ಲಿ ಕಟ್ಟುವವರು 12, 13ಕ್ಕೇ ಮುಗಿಸಿಕೊಳ್ಳಿ. ರಸೀತಿಯಲ್ಲಿ ಬಿಎಸ್‌ಆರ್ ಕೋಡ್, ಚಲನ್ ನಂಬರ್ ಇರುತ್ತದೆ, ಅದನ್ನು ಇಟ್ಟುಕೊಳ್ಳಿ. ಸ್ವಲ್ಪ ದಿನ ಬಿಟ್ಟು 26ಎಎಸ್‌ನಲ್ಲಿ ಕಾಣುತ್ತದಾ ಅಂತ ನೋಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತಿದೆ. ಅದರಲ್ಲಿ ಈ ಸ್ಕೀಮ್ 58ನೇ ಸೆಕ್ಷನ್ನಿಗೆ ಹೋಗುತ್ತದೆ, ಅಸೆಸ್‌ಮೆಂಟ್ ಇಯರ್ ಬದಲು ಟ್ಯಾಕ್ಸ್ ಇಯರ್ ಅನ್ನುತ್ತಾರೆ. ಈ ಮಾರ್ಚ್‌ನಲ್ಲಿ ಕಟ್ಟುವುದಕ್ಕೆ ಹಳೆಯದೇ.

ಇನ್ನೊಂದು ಅಪಾಯ ಹೇಳಬೇಕು, 2 ಕೋಟಿಯ ಗಡಿ. ರುದ್ರಣ್ಣನ ನಗದು 39% ಹತ್ತಿರ ಇದೆ. ಹಾಗಾಗಿ ಅವರಿಗೆ 3 ಕೋಟಿಯ ಮಿತಿ ಸಿಗುವುದಿಲ್ಲ. ಅಕಸ್ಮಾತ್ ಮಾರ್ಚ್‌ನಲ್ಲಿ ವಹಿವಾಟು 2 ಕೋಟಿ ದಾಟಿದರೆ ಇಡೀ ವರ್ಷಕ್ಕೇ 44ಎಡಿ ಕೈಬಿಡುತ್ತದೆ. ಪೂರ್ತಿ ಪುಸ್ತಕ ಬೇಕು, ಟ್ಯಾಕ್ಸ್ ಆಡಿಟ್ ಬೇಕು. ಜೊತೆಗೆ ಒಂದೇ ಕಂತಿನ ಅನುಕೂಲವೂ ಹೋಗುತ್ತದೆ. ಜೂನ್, ಸೆಪ್ಟೆಂಬರ್, ಡಿಸೆಂಬರ್ ಕಂತು ತಪ್ಪಿದ್ದಕ್ಕೆ ಬಡ್ಡಿ ಬೀಳುತ್ತದೆ. ಡಿಸೆಂಬರ್‌ನಲ್ಲೇ ವಹಿವಾಟು 1 ಕೋಟಿ 55 ಲಕ್ಷ ದಾಟಿದವರು ಆಗಲೇ ತಮ್ಮ ಆಡಿಟರ್ ಹತ್ತಿರ ಹೋಗಬೇಕು.

ಮಾತಿನ ಕೊನೆಯಲ್ಲಿ ಕೆಲವರು ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಕಿರಾಣಿ ಅಂಗಡಿಯವರೊಬ್ಬರು ಕೇಳಿದರು: "ಸರ್, ಕಟ್ಟದಿದ್ದರೆ ತಿಂಗಳಿಗೆ 1% ಬಡ್ಡಿ ತಾನೆ? ಆ ದುಡ್ಡಲ್ಲಿ ಮಾಲು ತಂದರೆ ನನಗೆ ಅದಕ್ಕಿಂತ ಜಾಸ್ತಿ ಸಿಗುತ್ತೆ."

ರುದ್ರಣ್ಣ ಮುಂಗಡ ಏನೂ ಕಟ್ಟದೆ ಜುಲೈಯಲ್ಲಿ ಕಟ್ಟಿದರು ಅಂತ ನೋಡೋಣ. ಮಾರ್ಚ್ 15 ತಪ್ಪಿದ್ದಕ್ಕೆ 1%, ಅಂದರೆ 904 ರೂಪಾಯಿ. ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ತಿಂಗಳಿಗೆ 4%, ಅಂದರೆ 3,616. ಒಟ್ಟು 4,520. ಇದರಿಂದ ಯಾರೂ ಮುಳುಗುವುದಿಲ್ಲ, ನಿಮ್ಮ ಮಾತು ಅಷ್ಟರ ಮಟ್ಟಿಗೆ ನಿಜ. ನನ್ನ ಚಿಂತೆ ಜುಲೈಯದು. ಜೂನ್‌ನಲ್ಲಿ ಮಕ್ಕಳ ಶಾಲೆ ಫೀಸ್ ಕಟ್ಟಿರುತ್ತೀರಿ. ಮಳೆ ಹಿಡಿದು ಕಟ್ಟಡ ಕೆಲಸ ನಿಂತಿರುತ್ತದೆ. ಮಾರ್ಚ್‌ನಲ್ಲಿ ತಂದ ಮಾಲು ಇನ್ನೂ ಅರ್ಧ ಗೋದಾಮಿನಲ್ಲಿರುತ್ತದೆ. ಆಗ ಒಟ್ಟಿಗೆ 95 ಸಾವಿರ ಎಲ್ಲಿಂದ ತರುತ್ತೀರಿ? ಕಾನೂನಿನ ಪ್ರಕಾರ ತೆರಿಗೆ ಕಟ್ಟಿಯೇ ರಿಟರ್ನ್ ಹಾಕಬೇಕು. ರಿಟರ್ನ್ ತಡವಾದರೆ ಲೇಟ್ ಫೀ 5,000, ಮತ್ತೆ ಬ್ಯಾಂಕಿನವರು ಸಿಸಿ ರಿನ್ಯೂವಲ್‌ಗೆ ಮೊದಲು ಕೇಳುವುದೇ ರಿಟರ್ನ್ ಕಾಪಿ.

ಅಣ್ಣತಮ್ಮಂದಿರು ಸೇರಿ ಪಾಲುದಾರಿಕೆಯಲ್ಲಿ ಬಟ್ಟೆ ಅಂಗಡಿ ನಡೆಸುವವರೊಬ್ಬರು ತಮಗೂ ಇದೇ ಲೆಕ್ಕವಾ ಅಂತ ಕೇಳಿದರು. ಅಲ್ಲ. ಪಾಲುದಾರಿಕೆ ಸಂಸ್ಥೆಗೆ 44ಎಡಿ ಸಿಗುತ್ತದೆ, ಎಲ್‌ಎಲ್‌ಪಿಗೆ ಸಿಗುವುದಿಲ್ಲ. ಆದರೆ ಸಂಸ್ಥೆಗೆ 4 ಲಕ್ಷದ ವಿನಾಯಿತಿ ಇಲ್ಲ, 12 ಲಕ್ಷದ ರಿಬೇಟ್ ಇಲ್ಲ. ಮೊದಲ ರೂಪಾಯಿಯಿಂದಲೇ 30%, ಸೆಸ್ ಸೇರಿ 31.2%. ರುದ್ರಣ್ಣನ ಅಂಗಡಿಯ 12 ಲಕ್ಷ 20 ಸಾವಿರವೇ ಸಂಸ್ಥೆಯದಾಗಿದ್ದರೆ ತೆರಿಗೆ 3,80,640. 44ಎಡಿಯಲ್ಲಿ ಪಾಲುದಾರರ ಸಂಬಳ, ಬಡ್ಡಿ ಕಳೆಯಲೂ ಬಿಡುವುದಿಲ್ಲ. ಇವರು ಪುಸ್ತಕ ಬರೆದು ಸಾಮಾನ್ಯ ಪದ್ಧತಿಯಲ್ಲಿ ಹೋದರೆ ಎಷ್ಟಾಗುತ್ತದೆ ಅಂತ ಆಡಿಟರ್ ಹತ್ತಿರ ಎರಡೂ ಲೆಕ್ಕ ಹಾಕಿಸಬೇಕು. ಬದಲಿಸುವ ಮುಂಚೆ ಒಂದು ವಿಷಯ ಗೊತ್ತಿರಲಿ. ಒಮ್ಮೆ 44ಎಡಿಗೆ ಬಂದು ಮುಂದಿನ ಐದು ವರ್ಷದೊಳಗೆ ಬಿಟ್ಟರೆ, ಆಮೇಲೆ ಐದು ವರ್ಷ ಇದಕ್ಕೆ ವಾಪಸ್ ಬರಲು ಆಗುವುದಿಲ್ಲ.

ಕೊನೆಗೆ ಒಬ್ಬ ಹೆಣ್ಣುಮಗಳು, ಸ್ಟೇಷನರಿ ಅಂಗಡಿ ನಡೆಸುವವರು, ಒಳ್ಳೆಯ ಪ್ರಶ್ನೆ ಕೇಳಿದರು: "ಮಾರ್ಚ್ 15ಕ್ಕೆ ಅಂದಾಜಿನಲ್ಲಿ ಕಟ್ಟಿರ್ತೀನಿ. 31ಕ್ಕೆ ಲೆಕ್ಕ ನೋಡಿದಾಗ ಕಡಿಮೆ ಆಗಿದ್ರೆ ಏನು ಮಾಡೋದು? ಜಾಸ್ತಿ ಆಗಿದ್ರೆ?"

ಕಡಿಮೆ ಆಗಿದ್ದರೆ ಮಾರ್ಚ್ 31ರೊಳಗೆ ಉಳಿದದ್ದನ್ನು ಅದೇ `Advance Tax (100)` ಅಂತ ಕಟ್ಟಿಬಿಡಿ. ಕಡಿಮೆ ಬಿದ್ದ ಭಾಗಕ್ಕೆ ಮಾತ್ರ ಒಂದು ಸಲ 1% ಬೀಳುತ್ತದೆ. 5 ಸಾವಿರ ಕಡಿಮೆ ಇದ್ದರೆ 50 ರೂಪಾಯಿ. ಏಪ್ರಿಲ್‌ನಿಂದ ಶುರುವಾಗುವ ತಿಂಗಳ ಬಡ್ಡಿ ಬರುವುದಿಲ್ಲ. ಆ ಬಡ್ಡಿ ಬರುವುದು ಒಟ್ಟು ತೆರಿಗೆಯ 90%ಗಿಂತ ಕಡಿಮೆ ಕಟ್ಟಿದವರಿಗೆ ಮಾತ್ರ. ಏಪ್ರಿಲ್ 1 ಆದ ಮೇಲೆ ಕಟ್ಟುವುದಾದರೆ 100 ಬೇಡ, `Self-Assessment Tax (300)` ಆರಿಸಬೇಕು. ಜಾಸ್ತಿ ಕಟ್ಟಿದ್ದರೆ ರಿಟರ್ನ್ ಹಾಕಿದ ಮೇಲೆ ರಿಫಂಡ್ ಬರುತ್ತದೆ. ಆ ರಿಫಂಡ್ ನಿಮ್ಮ ತೆರಿಗೆಯ 10%ಗಿಂತ ಕಡಿಮೆ ಇದ್ದರೆ ಅದಕ್ಕೆ ಬಡ್ಡಿ ಸಿಗುವುದಿಲ್ಲ, ಅಸಲು ಮಾತ್ರ. ನಿಮ್ಮ ರಿಫಂಡ್ ಬರುವ ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿದೆಯಾ ಅಂತ ಈಗಲೇ ನೋಡಿಕೊಂಡಿರಿ.